ಉಪ್ಪಿನಕಾಯಿ ಅಂಗಡಿಯ ವೆಬ್‌ಸೈಟಿಗೆ ಮೂರು ಬಗೆಯ ಸ್ಟೇಜಿಂಗ್ ಪ್ರತಿ: ಬಳಸಿ ಕಂಡದ್ದು

ಸಾಗರದಲ್ಲಿರುವ ನನ್ನ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾರೆ. ಅವರ ವೆಬ್‌ಸೈಟನ್ನು ಶಿವಮೊಗ್ಗದಲ್ಲಿ ಕುಳಿತು ನಾನು ನೋಡಿಕೊಳ್ಳುತ್ತೇನೆ. ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಹಾಕಿ ಕಟ್ಟಿದ ಅಂಗಡಿ ಅದು. ಅಪ್‌ಡೇಟ್‌ಗಳನ್ನು ಮೊದಲು ಒಂದು ನಕಲಿನಲ್ಲಿ ಪರೀಕ್ಷಿಸಲು ಮೂರು ದಾರಿಗಳನ್ನು ಬಳಸಿದ್ದೇನೆ. ನಕಲು ಮಾಡುವುದು ಮೂರರಲ್ಲೂ ಸುಲಭವೇ. ವ್ಯತ್ಯಾಸ ಕಾಣುವುದು ಬದಲಾವಣೆಯನ್ನು ನಿಜವಾದ ಅಂಗಡಿಗೆ ಮರಳಿ ಒಯ್ಯುವಾಗ.

ಮೊದಲು ಬಳಸಿದ್ದು ಹೋಸ್ಟಿಂಗ್ ಕಂಪನಿಯ ಸ್ಟೇಜಿಂಗ್ ಗುಂಡಿ. ಒತ್ತಿದರೆ ಕೆಲವೇ ನಿಮಿಷಗಳಲ್ಲಿ ನಕಲು ಸಿದ್ಧ. ಅದೇ ಸರ್ವರ್, ಅದೇ ಪಿಎಚ್‌ಪಿ ಆವೃತ್ತಿ. ಹಾಗಾಗಿ ಅಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತದೆ ಎಂದು ನಂಬಬಹುದು. ಸೋಮವಾರ ನಕಲು ಮಾಡಿ, ಎರಡು ದಿನ ಪರೀಕ್ಷಿಸಿ, ಬುಧವಾರ ರಾತ್ರಿ ‘ಲೈವ್‌ಗೆ ಕಳುಹಿಸು’ ಎಂಬುದನ್ನು ಒತ್ತಿದೆ. ಬೆಳಿಗ್ಗೆ ಚಿಕ್ಕಮ್ಮನ ಫೋನ್: “ಮಂಗಳವಾರ ಬಂದ ಆರ್ಡರ್‌ಗಳು ಎಲ್ಲಿ ಹೋದವಪ್ಪಾ?”

ಆ ಗುಂಡಿ ಫೈಲುಗಳ ಜೊತೆಗೆ ಸೋಮವಾರದ ಡೇಟಾಬೇಸನ್ನೂ ಲೈವ್ ಮೇಲೆ ಬರೆದಿತ್ತು. ವೂಕಾಮರ್ಸ್‌ನಲ್ಲಿ ಸೆಟ್ಟಿಂಗ್, ಪುಟ, ಗ್ರಾಹಕ, ಆರ್ಡರ್ ಎಲ್ಲವೂ ಒಂದೇ ಡೇಟಾಬೇಸಿನಲ್ಲಿರುತ್ತವೆ. ನಾನು ಪರೀಕ್ಷಿಸುತ್ತಿದ್ದ ಎರಡು ದಿನಗಳಲ್ಲಿ ಒಂಬತ್ತು ಆರ್ಡರ್ ಬಂದಿದ್ದವು. ಹಣವೂ ಬಂದಿತ್ತು, ದಾಖಲೆ ಮಾತ್ರ ಅಳಿಸಿಹೋಗಿತ್ತು. ಹೊಸ ಆರ್ಡರಿನ ಇಮೇಲ್‌ಗಳು ಚಿಕ್ಕಮ್ಮನ ಬಳಿ ಉಳಿದಿದ್ದರಿಂದ ಒಂದೊಂದನ್ನೇ ಕೈಯಾರೆ ಮತ್ತೆ ಸೇರಿಸಿದೆವು. ಅಂದಿನಿಂದ ನನ್ನ ನಿಯಮ ಇದು: ಡೇಟಾಬೇಸ್ ಲೈವ್‌ನಿಂದ ನಕಲಿಗೆ ಬರಬಹುದು, ನಕಲಿನಿಂದ ಲೈವ್‌ಗೆ ಎಂದೂ ಹೋಗಬಾರದು. ಮೇಲೆ ಹೋಗುವುದು ಫೈಲುಗಳು ಮಾತ್ರ. ಸೆಟ್ಟಿಂಗ್ ಬದಲಾಯಿಸಿದ್ದರೆ ಬರೆದಿಟ್ಟುಕೊಂಡು ಲೈವ್‌ನಲ್ಲಿ ಮತ್ತೊಮ್ಮೆ ಮಾಡುತ್ತೇನೆ. ಗುಂಡಿಯಲ್ಲಿ ‘ಫೈಲುಗಳು ಮಾತ್ರ’ ಎಂಬ ಆಯ್ಕೆ ಇಲ್ಲದಿದ್ದರೆ ಆರ್ಡರ್ ಬರುವ ಅಂಗಡಿಗೆ ಅದು ಬೇಡ. ತಿಂಗಳುಗಟ್ಟಲೆ ಬದಲಾಗದ ಹೋಂಸ್ಟೇ ಪರಿಚಯದ ಪುಟಗಳಿಗಾದರೆ ಸಾಕು.

ಎರಡನೆಯದು ಲ್ಯಾಪ್‌ಟಾಪಿನಲ್ಲೇ ಇಡುವ ಪ್ರತಿ. Local ಎಂಬ ಉಚಿತ ತಂತ್ರಾಂಶ ಬಳಸಿದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಜುಲೈ ಮಳೆಯಲ್ಲಿ ಸಾಗರಕ್ಕೆ ಹೋಗಿದ್ದಾಗ, ಕರೆಂಟೂ ನೆಟ್‌ವರ್ಕೂ ಇಲ್ಲದ ಮಧ್ಯಾಹ್ನ, ಬ್ಯಾಟರಿಯಲ್ಲೇ ಥೀಮಿನ ಕೆಲಸ ಮುಗಿಸಿದ್ದೇನೆ. ಸೈಟು ಕಳುಹಿಸುವ ಇಮೇಲ್‌ಗಳನ್ನು ಅದು ಹೊರಗೆ ಬಿಡದೆ ಹಿಡಿದಿಡುತ್ತದೆ ಎಂಬುದೂ ದೊಡ್ಡ ಅನುಕೂಲ. ಆದರೆ ಹೋಸ್ಟಿಂಗ್ ಸರ್ವರಿನ ಮೆಮೊರಿ ಮಿತಿ, ಕ್ಯಾಶಿಂಗ್ ಇಲ್ಲಿ ಇರುವುದಿಲ್ಲ. ಹಣ ಬಂದಿತೆಂದು ಪಾವತಿ ಗೇಟ್‌ವೇ ಕಳುಹಿಸುವ ಸಂದೇಶವೂ ನೇರವಾಗಿ ಲ್ಯಾಪ್‌ಟಾಪಿಗೆ ತಲುಪುವುದಿಲ್ಲ. ಬಣ್ಣ, ವಿನ್ಯಾಸಕ್ಕೆ ಸರಿ. ಪಾವತಿಯ ಪರೀಕ್ಷೆಗೆ ಸಾಲದು.

ಮೂರನೆಯದು, ಈಗ ನಾನು ಬಳಸುತ್ತಿರುವುದು, ಅದೇ ಸರ್ವರಿನಲ್ಲಿ ಕೈಯಾರೆ ಕಟ್ಟಿದ ಸಬ್‌ಡೊಮೇನ್. ಹೊಸ ಡೇಟಾಬೇಸ್ ತೆರೆದು, ಫೈಲುಗಳನ್ನೂ ಡೇಟಾವನ್ನೂ ನಕಲಿಸಿ, ಮೊಟ್ಟಮೊದಲು ನಕಲಿನ `wp-config.php`ಯಲ್ಲಿ ಹೊಸ ಡೇಟಾಬೇಸಿನ ವಿವರ ಬರೆಯಬೇಕು. ಇದನ್ನು ಮರೆತು ಮುಂದಿನ ಆದೇಶ ಕೊಟ್ಟರೆ ಲೈವ್ ಸೈಟಿನ ವಿಳಾಸವೇ ಬದಲಾಗಿಬಿಡುತ್ತದೆ. ಅದಕ್ಕೇ ನಕಲಿನ ಫೋಲ್ಡರಿನೊಳಗೆ ನಿಂತು, ವರ್ಡ್‌ಪ್ರೆಸ್‌ಗೆ ಟರ್ಮಿನಲ್‌ನಿಂದ ಆದೇಶ ಕೊಡುವ WP-CLI ಎಂಬ ಸಾಧನದಿಂದ ಡೇಟಾಬೇಸಿನ ಹೆಸರನ್ನು ನೋಡಿಕೊಂಡೇ ಮುಂದುವರಿಯುತ್ತೇನೆ:

```
wp config get DB_NAME
wp search-replace 'https://example.com' 'https://staging.example.com' --skip-columns=guid --dry-run
```

ಎಣಿಕೆ ಸರಿಯೆನಿಸಿದರೆ `--dry-run` ತೆಗೆದು ಮತ್ತೆ ಓಡಿಸುತ್ತೇನೆ. ಡೇಟಾಬೇಸನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ವಿಳಾಸ ಬದಲಾಯಿಸಬಾರದು. ಅನೇಕ ಸೆಟ್ಟಿಂಗ್‌ಗಳು `s:19:"https://example.com"` ಎಂಬಂತೆ ಅಕ್ಷರಗಳ ಲೆಕ್ಕದೊಂದಿಗೆ ಉಳಿದಿರುತ್ತವೆ. ಹೊಸ ವಿಳಾಸಕ್ಕೆ 27 ಅಕ್ಷರ. 19 ಹಾಗೇ ಉಳಿದರೆ ವರ್ಡ್‌ಪ್ರೆಸ್ ಆ ಸೆಟ್ಟಿಂಗನ್ನು ಓದಲಾರದು, ವಿಜೆಟ್‌ಗಳು ಕಾಣೆಯಾಗುತ್ತವೆ. ಮೇಲಿನ ಆದೇಶ ಲೆಕ್ಕವನ್ನೂ ತಿದ್ದುತ್ತದೆ.

ಈ ದಾರಿಯಲ್ಲೂ ನಾನೊಮ್ಮೆ ಎಡವಿದೆ. ‘ನಿಮ್ಮ ಬುಟ್ಟಿಯಲ್ಲಿ ಸಾಮಾನು ಉಳಿದಿದೆ’ ಎಂಬ ನೆನಪೋಲೆಗಳ ಸರದಿಯೂ ಡೇಟಾಬೇಸಿನ ಜೊತೆ ನಕಲಾಗಿ ಬಂದಿತ್ತು. ಎರಡೂ ಸೈಟುಗಳು ಕಳುಹಿಸಿ, ಬೆಂಗಳೂರಿನ ಗ್ರಾಹಕರೊಬ್ಬರಿಗೆ ಒಂದೇ ಓಲೆ ಎರಡು ಬಾರಿ ಹೋಯಿತು. ಈಗ ಇಮೇಲ್ ತಡೆಯುವ ಪ್ಲಗಿನ್ ಹಾಕದೆ, ಪಾವತಿಯನ್ನು ಪರೀಕ್ಷಾ ಕೀಗಳಿಗೆ ಬದಲಾಯಿಸದೆ ನಕಲನ್ನು ತೆರೆಯುವುದಿಲ್ಲ. ಗೂಗಲ್ ಒಳಬರದಂತೆ ಫೋಲ್ಡರಿಗೆ ಪಾಸ್‌ವರ್ಡ್ ಇಡುತ್ತೇನೆ. ಪಾಸ್‌ವರ್ಡ್ ಗೇಟ್‌ವೇಯ ಸಂದೇಶವನ್ನೂ ತಡೆಯುವುದರಿಂದ, ಪಾವತಿ ಪರೀಕ್ಷಿಸುವಷ್ಟು ಹೊತ್ತು ಅದನ್ನು ತೆಗೆದಿರುತ್ತೇನೆ.

ಇಷ್ಟು ಶ್ರಮಕ್ಕೆ ಫಲ ಕಳೆದ ಅಪ್‌ಡೇಟಿನಲ್ಲಿ ಸಿಕ್ಕಿತು. ನಕಲಿನಲ್ಲಿ ವೂಕಾಮರ್ಸ್ ಹೊಸದಾದ ಮೇಲೆ ಚೆಕ್‌ಔಟ್ ಪುಟದಲ್ಲಿ ‘ಆರ್ಡರ್ ಮಾಡಿ’ ಗುಂಡಿ ಕೆಲಸ ಮಾಡಲಿಲ್ಲ. ವೂಕಾಮರ್ಸ್‌ನ ಸ್ಟೇಟಸ್ ಪುಟದ ಕೊನೆಯಲ್ಲಿ, ಥೀಮಿನೊಳಗಿದ್ದ `checkout/form-checkout.php` ಹಳೆಯದೆಂದು ಬರೆದಿತ್ತು. ಆ ಕಡತದ ಹೆಸರು ಬದಲಾಯಿಸಿದ ಕೂಡಲೇ ವೂಕಾಮರ್ಸ್ ತನ್ನದೇ ಹೊಸ ಕಡತವನ್ನು ಎತ್ತಿಕೊಂಡಿತು, ಗುಂಡಿ ಸರಿಯಾಯಿತು. ರಾತ್ರಿ ಹತ್ತೂವರೆಗೆ ಲೈವ್‌ನ ಬ್ಯಾಕಪ್ ತೆಗೆದು, ಆ ಒಂದು ಕಡತದ ಹೆಸರು ಬದಲಾಯಿಸಿ ಅಪ್‌ಡೇಟ್ ಮಾಡಿದೆ. ನನ್ನ ಹೆಸರಿನಲ್ಲೇ ಅರ್ಧ ಕಿಲೋ ಮಿಡಿ ಉಪ್ಪಿನಕಾಯಿಯ ಆರ್ಡರ್ ಹಾಕಿದೆ. ಎರಡು ನಿಮಿಷಕ್ಕೆ ಚಿಕ್ಕಮ್ಮನ ಸಂದೇಶ ಬಂತು: “ಬಂದಿದೆ.”