ಪೆನ್‌ಡ್ರೈವ್‌ನಲ್ಲಿ ಬಂದ ಪೇಪರ್ ನಂಬಿ ನನ್ನ ಥೀಸಿಸ್ ನಿಂತುಹೋಯಿತು

ಪಿಎಚ್‌ಡಿ ಮಾಡುತ್ತಿರುವವರು, ಎಂ.ಕಾಂ ಪ್ರಾಜೆಕ್ಟ್ ಬರೆಯುತ್ತಿರುವವರು ದಯವಿಟ್ಟು ಇದನ್ನು ಓದಿ. ಥೀಸಿಸ್ ಕೆಲಸ ಮಾಡಿಕೊಡುವವರ ಹತ್ತಿರ ರೆಫರೆನ್ಸ್ ಹುಡುಕಿಸುತ್ತಿದ್ದರಂತೂ ಈಗಲೇ ಓದಿ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ನನ್ನ ಸಂಶೋಧನೆ ಪತ್ತಿನ ಸಹಕಾರ ಸಂಘಗಳ ಸಾಲದ ಅರ್ಜಿಯ ಬಗ್ಗೆ. ಅರ್ಜಿದಾರರು ಆದಾಯ, ಬೇರೆ ಕಡೆಯ ಸಾಲ ಇವನ್ನೆಲ್ಲ ಎಷ್ಟು ನಿಜ ಬರೆಯುತ್ತಾರೆ, ಅರ್ಜಿಯ ರೂಪ ಬದಲಿಸಿದರೆ ಅದು ಬದಲಾಗುತ್ತದೆಯೇ ಅನ್ನುವುದು ವಿಷಯ. ಆರು ಸಂಘಗಳಿಗೆ ಓಡಾಡಿ ಮಾಹಿತಿ ತಂದಿದ್ದು ನಾನೇ. ಆದರೆ ಎರಡನೇ ಅಧ್ಯಾಯಕ್ಕೆ ಹಿಂದಿನ ಸಂಶೋಧನೆಗಳನ್ನು ಹುಡುಕಿ, ಪಿಡಿಎಫ್ ಕೊಟ್ಟು, ರೆಫರೆನ್ಸ್ ಪಟ್ಟಿ ಜೋಡಿಸಲು ವಿಜಯಪುರದಲ್ಲಿ ಒಬ್ಬರಿಗೆ 18,000 ರೂಪಾಯಿಗೆ ಒಪ್ಪಿಸಿದೆ. ಇಂಥ ಕೆಲಸ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಮೊದಲು 12,000, ಕೆಲಸ ಮುಗಿದ ಮೇಲೆ 6,000. "ಎಲ್ಲಾ ಚೆಕ್ ಮಾಡೇ ಕೊಡ್ತೀವ್ರಿ ಮೇಡಂ, ನೀವು ಏನೂ ನೋಡೂದು ಬ್ಯಾಡ" ಅಂದರು. ನಾನು ನೋಡಲಿಲ್ಲ.

ಅವರು ಕೊಟ್ಟ ಪೆನ್‌ಡ್ರೈವ್‌ನಲ್ಲಿ ಒಂದು ಪೇಪರ್ ಇತ್ತು. 2012ರಲ್ಲಿ ಅಮೆರಿಕದ ಪಿಎನ್‌ಎಎಸ್ ಪತ್ರಿಕೆಯಲ್ಲಿ ಬಂದಿದ್ದು. ಅರ್ಜಿಯ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಶುರುವಿನಲ್ಲೇ ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕವಾಗಿ ಬರೆಯುತ್ತಾರೆ ಅನ್ನುವುದು ಅದರ ಸಾರ. ಅದರಲ್ಲಿ ಮೂರು ಪ್ರಯೋಗ. ಮೂರನೆಯದು ಒಂದು ಕಾರು ವಿಮೆ ಕಂಪನಿಯ 13,488 ಪಾಲಿಸಿಗಳದ್ದು. ಗಾಡಿ ಜಾಸ್ತಿ ಓಡಿದ್ದರೆ ಪ್ರೀಮಿಯಂ ಜಾಸ್ತಿ, ಹಾಗಾಗಿ ಜನ ಮೀಟರ್ ಓಟವನ್ನು ಕಡಿಮೆ ಬರೆಯುತ್ತಾರೆ. ಮೇಲೆ ಸಹಿ ಹಾಕಿದವರು ಸುಮಾರು 10 ಶೇಕಡ ಹೆಚ್ಚು ಓಟ ಬರೆದಿದ್ದರು ಅಂತ ಪೇಪರ್ ಹೇಳುತ್ತಿತ್ತು. ಓದಿ ನನಗೆ ಎಷ್ಟು ಖುಷಿಯಾಯಿತು! ನನ್ನ ವಿಷಯಕ್ಕೇ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಥೀಸಿಸ್‌ನ ಮುಖ್ಯ ಸಲಹೆಯನ್ನೇ ಅದರ ಮೇಲೆ ನಿಲ್ಲಿಸಿದೆ. ಸಾಲದ ಅರ್ಜಿಯಲ್ಲಿ ಸಹಿಯನ್ನು ಮೇಲಕ್ಕೆ ತನ್ನಿ, ಇದಕ್ಕೆ ದೊಡ್ಡ ಆಧಾರ ಇದೆ ಅಂತ ಬರೆದೆ.

ಪ್ರೀ-ಸಬ್ಮಿಷನ್ ದಿನ ಬೇರೆ ವಿಶ್ವವಿದ್ಯಾಲಯದಿಂದ ಒಬ್ಬರು ವಿಷಯ ತಜ್ಞರು ಬಂದಿದ್ದರು. ಹನ್ನೊಂದನೇ ಸ್ಲೈಡ್‌ಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. "ಈ ಪೇಪರಿನ ಈಗಿನ ಸ್ಥಿತಿ ಏನಮ್ಮಾ?" ಅಂದರು. ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಪೇಪರ್‌ಗೆ ಸ್ಥಿತಿ ಅಂದರೇನು, ಅಚ್ಚಾದ ಮೇಲೆ ಅಚ್ಚಾಯಿತು, ಅಲ್ವಾ? ಅವರು ಎದ್ದು ಬಂದು ನನ್ನ ಲ್ಯಾಪ್‌ಟಾಪ್‌ನಲ್ಲೇ, ಪ್ರೊಜೆಕ್ಟರ್ ಆನ್ ಇದ್ದಂತೆಯೇ, ನನ್ನ ರೆಫರೆನ್ಸ್‌ನಲ್ಲಿದ್ದ ಡಿಒಐ, ಅಂದರೆ ಪೇಪರಿನ ಕಾಯಂ ಗುರುತಿನ ನಂಬರನ್ನು ಟೈಪ್ ಮಾಡಿದರು. ಪುಟ ತೆರೆಯಿತು. ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ, ಈ ಲೇಖನ ರಿಟ್ರ್ಯಾಕ್ಟ್ ಆಗಿದೆ ಅನ್ನುವ ಸೂಚನೆ. 2021ರ ಸೆಪ್ಟೆಂಬರ್‌ನಲ್ಲೇ ಪತ್ರಿಕೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತ್ತು. ನಮ್ಮ ವಿಭಾಗದವರು, ನನ್ನ ಜೂನಿಯರ್‌ಗಳು, ನನ್ನ ಗೈಡ್ ಸರ್, ಎಲ್ಲರೂ ಕೂತಿದ್ದರು. ಯಾರೂ ಮಾತಾಡಲಿಲ್ಲ. ರಿಮೋಟ್ ಹಿಡಿದ ನನ್ನ ಕೈ ಬೆವರುತ್ತಿತ್ತು, ಸ್ಲೈಡ್ ಮುಂದಕ್ಕೆ ಹೋಗಲಿ ಅಂತ ಸುಮ್ನೆ ಒತ್ತುತ್ತಲೇ ಇದ್ದೆ. ಒಂದು ಕ್ಲಿಕ್. ಅಷ್ಟೇ ಸಾಕಿತ್ತು. ಆ ಒಂದು ಕ್ಲಿಕ್ ನಾನು ಮಾಡಿರಲಿಲ್ಲ, ನನ್ನಿಂದ ದುಡ್ಡು ತಗೊಂಡವರೂ ಮಾಡಿರಲಿಲ್ಲ.

ಹೊರಗೆ ಬಂದು ವಿಜಯಪುರಕ್ಕೆ ಫೋನ್ ಮಾಡಿದೆ. ಅವರ ಉತ್ತರ ಕೇಳಿ.

"ಪಿಡಿಎಫ್ ಓಪನ್ ಆಗತೈತಲ್ರಿ ಮೇಡಂ? ಮತ್ತೇನ್ರಿ?"

ಅದು ರಿಟ್ರ್ಯಾಕ್ಟ್ ಆಗಿದೆಯಲ್ಲ ಅಂದೆ. "ಪ್ಲೇಜಿಯರಿಸಂ ಏಳು ಪರ್ಸೆಂಟ್ ಬಂದೈತಿ ನೋಡ್ರಿ, ನಿಮ್ಮ ಥೀಸಿಸ್ ಭಾಳ ಕ್ಲೀನ್ ಐತಿ" ಅಂದರು. ನಾನು ಕೇಳಿದ್ದೇನು, ಅವರು ಹೇಳಿದ್ದೇನು! ಮತ್ತೆ ಕೇಳಿದೆ. "ನೂರಾರು ಮಂದಿ ಅದನ್ನ ಸೈಟ್ ಮಾಡ್ಯಾರ್ರಿ. ಅವರೆಲ್ಲಾ ಹುಚ್ಚರೇನ್ರಿ?" ಅಂದರು. ಕೊನೆಗೆ, "ರಿಟ್ರ್ಯಾಕ್ಟ್ ಆಗಿದ್ದು ಅವರದು ಮೇಡಂ, ನಿಮ್ಮದಲ್ಲ" ಅಂದರು.

ಈ ಕೊನೆಯ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಅದು ಏಕೆ ತಪ್ಪು ಅಂತ ನನಗೇ ಸರಿಯಾಗಿ ಹೇಳಲು ಬಂದಿರಲಿಲ್ಲ. ಹಾಗಾಗಿ ಕೂತು ಓದಿದೆ.

ಮೊದಲು ನಡೆದದ್ದು 2020ರಲ್ಲಿ. 2012ರ ಪೇಪರಿನ ಐವರು ಲೇಖಕರೇ ಇನ್ನಿಬ್ಬರ ಜೊತೆ ಸೇರಿ ಹೊಸದಾಗಿ ಆರು ಪ್ರಯೋಗ ಮಾಡಿದರು. 2012ರ ಮೊದಲ ಪ್ರಯೋಗವನ್ನು ಇದ್ದ ಹಾಗೇ, ಹೆಚ್ಚು ಜನರ ಮೇಲೆ ಮತ್ತೆ ಮಾಡಿ ನೋಡಿದ್ದೂ ಅದರಲ್ಲಿತ್ತು. ಸಹಿ ಮೇಲಿದ್ದರೂ ಕೆಳಗಿದ್ದರೂ ಪ್ರಾಮಾಣಿಕತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅದೇ ಪತ್ರಿಕೆಯಲ್ಲೇ ಬರೆದರು. ಆಗ ಹಳೆಯ ಕಾರು ವಿಮೆಯ ಎಕ್ಸೆಲ್ ಫೈಲೂ ಬಹಿರಂಗವಾಯಿತು. 2021ರ ಆಗಸ್ಟ್‌ನಲ್ಲಿ ಡೇಟಾ ಕೊಲಾಡ ಅನ್ನುವ ಸಂಶೋಧಕರ ಗುಂಪು ಆ ಫೈಲನ್ನು ಬಿಚ್ಚಿಟ್ಟಿತು.

ಅವರು ಕಂಡಿದ್ದನ್ನು ಯಾರು ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ಕಾರುಗಳು ಎರಡು ಮೀಟರ್ ರೀಡಿಂಗ್ ನಡುವೆ, ಅಂದರೆ ಕಂಪನಿಯಲ್ಲಿ ಮೊದಲೇ ದಾಖಲಾಗಿದ್ದಕ್ಕೂ ಸಹಿಯ ಅರ್ಜಿಯಲ್ಲಿ ಬರೆದದ್ದಕ್ಕೂ ನಡುವೆ, ಎಷ್ಟು ಮೈಲಿ ಓಡಿವೆ ಅಂತ ನೋಡಿದರೆ, ಕಡಿಮೆ ಓಡಿದವು ಸ್ವಲ್ಪ, ನಡುವೆ ಬಹಳ, ತುಂಬಾ ಓಡಿದವು ಕೆಲವು ಹೀಗಿರಬೇಕು. ಇಲ್ಲಿ ಸೊನ್ನೆಯಿಂದ 50,000 ಮೈಲಿವರೆಗೆ ಎಲ್ಲಾ ಸಮನಾಗಿ ಹರಡಿವೆ. 50,000 ದಾಟಿದ ಕಾರು ಒಂದೂ ಇಲ್ಲ! ನಾವು ಅರ್ಜಿಯಲ್ಲಿ ಮೀಟರ್ ಬರೆಯುವಾಗ 42,000 ಅಂತ ದುಂಡಾಗಿ ಬರೆಯುತ್ತೇವೆ. ಮೊದಲ ರೀಡಿಂಗ್‌ಗಳಲ್ಲಿ ಅಂಥ ದುಂಡು ಸಂಖ್ಯೆಗಳಿವೆ, ಎರಡನೆಯದರಲ್ಲಿ ಆ ಅಭ್ಯಾಸವೇ ಮಾಯ. ಇನ್ನೊಂದು, ನನಗೆ ಮೈ ಜುಮ್ಮೆಂದಿದ್ದು. ಮೊದಲ ರೀಡಿಂಗ್‌ನ ಕಾಲಂನಲ್ಲಿ ಅರ್ಧದಷ್ಟು ಅಂಕಿಗಳು ಕ್ಯಾಲಿಬ್ರಿ ಫಾಂಟ್‌ನಲ್ಲಿ, ಉಳಿದರ್ಧ ಕ್ಯಾಂಬ್ರಿಯಾದಲ್ಲಿ. ಒಂದು ಫಾಂಟಿನ ಸಾಲಿಗೆ ಇನ್ನೊಂದು ಫಾಂಟಿನಲ್ಲಿ ಅವಳಿ ಸಾಲು, ಅಂಕಿಯಲ್ಲಿ 1,000ದೊಳಗಿನ ವ್ಯತ್ಯಾಸ. ಒಂದು ಸಾಲನ್ನು ನಕಲು ಮಾಡಿ ಸ್ವಲ್ಪ ಕೂಡಿಸಿದರೆ ಹೀಗೇ ಆಗುತ್ತದೆ. ಇದಾದ ಮುಂದಿನ ತಿಂಗಳು ಪೇಪರ್ ರಿಟ್ರ್ಯಾಕ್ಟ್ ಆಯಿತು.

ಈಗ ನನಗೆ ಉತ್ತರ ಸಿಕ್ಕಿತು. "ಇದಕ್ಕೆ ಆಧಾರ ಇದೆ" ಅಂತ ನಾನು ಬರೆದಾಗ, ಯಾರೋ ಅಳೆದು ನೋಡಿದ್ದಾರೆ, ಹೀಗೆ ಕಂಡಿದೆ ಅಂತ ಓದುವವರಿಗೆ ಭರವಸೆ ಕೊಡುತ್ತೇನೆ. ಅಳತೆಯೇ ಸುಳ್ಳಾದರೆ ಆ ಭರವಸೆ ನನ್ನದೇ ಸುಳ್ಳು. ಅದು ದುರ್ಬಲ ಆಧಾರ ಅಲ್ಲ, ಆಧಾರವೇ ಅಲ್ಲ. ನೂರಾರು ಮಂದಿ ಸೈಟ್ ಮಾಡಿದ್ದು ಬಹುಪಾಲು ಅದು ನಿಜ ಅಂತ ನಂಬಿದ್ದಾಗ. ಆ ಎಣಿಕೆ ರಿಟ್ರ್ಯಾಕ್ಟ್ ಆದ ಮೇಲೂ ಕಡಿಮೆ ಆಗುವುದಿಲ್ಲ. ಮೂರನೆಯದು ಹೋದರೂ ಮೊದಲೆರಡು ಪ್ರಯೋಗ ಉಳಿದವಲ್ಲ ಅಂತ ನಾನೂ ಗೈಡ್ ಸರ್ ಹತ್ತಿರ ವಾದ ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಮೊದಲನೆಯದು 2020ರಲ್ಲಿ ಮತ್ತೆ ಮಾಡಿದಾಗ ನಿಲ್ಲಲಿಲ್ಲ, 2023ರಲ್ಲಿ ಅದರ ಡೇಟಾ ಬಗ್ಗೆಯೂ ಅದೇ ಗುಂಪು ಪ್ರಶ್ನೆ ಎತ್ತಿತು. ಪಟ್ಟಿಯಿಂದ ಒಂದು ರೆಫರೆನ್ಸ್ ತೆಗೆದರೆ ಮುಗಿಯಲಿಲ್ಲ. ನನ್ನ ಸಲಹೆಯನ್ನೇ ತೆಗೆಯಬೇಕಾಯಿತು.

ಆ ಪಿಡಿಎಫ್‌ನಲ್ಲಿ ಯಾಕೆ ಏನೂ ಕಾಣಲಿಲ್ಲ? ಅದು ರಿಟ್ರ್ಯಾಕ್ಟ್ ಆಗುವ ಮೊದಲೇ ಯಾರೋ ಇಳಿಸಿಕೊಂಡ ಹಳೆಯ ಪ್ರತಿ. ಪತ್ರಿಕೆ ತನ್ನ ಪುಟದ ಮೇಲೆ ಸೂಚನೆ ಹಾಕಬಹುದು, ನಿಮ್ಮ ಪೆನ್‌ಡ್ರೈವ್‌ನೊಳಗೆ ಬಂದು ಹಾಕುವುದಿಲ್ಲ. ಆಮೇಲೆ ಗೊತ್ತಾಯಿತು, ನನ್ನ ರೆಫರೆನ್ಸ್‌ನಲ್ಲಿ ಪುಟ ಸಂಖ್ಯೆ 15197–152000 ಅಂತಿತ್ತು, ಸರಿಯಾದದ್ದು 15200. ಆ ಜಾಸ್ತಿ ಸೊನ್ನೆ ಒಂದು ಹಳೆಯ ಥೀಸಿಸ್‌ನಲ್ಲೂ ಹಾಗೇ ಇದೆ! ಹುಡುಕಿದ್ದಲ್ಲ, ಅಲ್ಲಿಂದ ಎತ್ತಿ ಅಂಟಿಸಿದ್ದು. ಅದಕ್ಕೆ 18,000.

ಈಗ ನಾನು ಮಾಡುವುದು ಹೇಳುತ್ತೇನೆ. ಪ್ರತಿ ರೆಫರೆನ್ಸ್‌ನ ಡಿಒಐಯನ್ನು ಹೀಗೆ ಬ್ರೌಸರ್‌ನಲ್ಲಿ ಹಾಕಿ ಪತ್ರಿಕೆಯ ಪುಟವನ್ನೇ ತೆರೆಯುತ್ತೇನೆ. ಗೂಗಲ್ ಸ್ಕಾಲರ್ ಸಾಲು ನೋಡಿ ಬಿಡುವುದಿಲ್ಲ.

```
https://doi.org/10.1073/pnas.1209746109
```

ಪುಟದಲ್ಲಿ ಅಥವಾ ಪಿಡಿಎಫ್‌ನಲ್ಲಿ Check for updates ಅನ್ನುವ ಗುಂಡಿ ಇದ್ದರೆ ಒತ್ತಿ. ಹಳೆಯ ಪಿಡಿಎಫ್‌ನಲ್ಲಿ ಆ ಗುಂಡಿ ಇದ್ದರೂ ಅದು ಈಗಿನ ಸ್ಥಿತಿಯನ್ನೇ ತೋರಿಸುತ್ತದೆ. ಎರಡನೆಯದಾಗಿ, ಅದೇ ಡಿಒಐಯನ್ನು ರಿಟ್ರ್ಯಾಕ್ಷನ್ ವಾಚ್ ಡೇಟಾಬೇಸ್‌ನಲ್ಲಿ ಹುಡುಕುತ್ತೇನೆ, ಅದು ಉಚಿತ. 2023ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟಿದೆ. ರೆಫರೆನ್ಸ್ ಜೋಡಿಸಲು ಜೊಟೆರೊ ತಂತ್ರಾಂಶ ಬಳಸುವವರಿಗೆ ಇನ್ನೂ ಸುಲಭ. ಡಿಒಐ ತುಂಬಿದ್ದರೆ ರಿಟ್ರ್ಯಾಕ್ಟ್ ಆದ ಪೇಪರ್‌ಗೆ ತಾನೇ ಕೆಂಪು ಗುರುತು ಹಾಕುತ್ತದೆ.

ಎಲ್ಲೂ ಏನೂ ಸಿಗದಿದ್ದರೆ ಪೇಪರ್ ಚೊಕ್ಕ ಅಂತಲ್ಲ, ಇಷ್ಟರವರೆಗೆ ಯಾರೂ ದಾಖಲಿಸಿಲ್ಲ ಅಂತ ಅಷ್ಟೇ. ಡಿಒಐ ಇಲ್ಲದ ನಮ್ಮ ಕಡೆಯ ಪತ್ರಿಕೆಗಳಿಗೆ ಇದು ಕೆಲಸ ಮಾಡುವುದಿಲ್ಲ. ಪತ್ರಿಕೆಯ ಮುಂದಿನ ಸಂಚಿಕೆಗಳನ್ನೇ ತಿರುವಿ ನೋಡಬೇಕು. ಇನ್ನೊಂದು, ತಿದ್ದುಪಡಿ ಬೇರೆ, ರಿಟ್ರ್ಯಾಕ್ಷನ್ ಬೇರೆ. ನನ್ನ 94 ರೆಫರೆನ್ಸ್‌ಗಳಲ್ಲಿ ಒಂದಕ್ಕೆ ಕೋಷ್ಟಕದ ತಿದ್ದುಪಡಿ ಬಂದಿತ್ತು. ತಿದ್ದಿದ ಅಂಕಿ ಬಳಸಿ ಅದನ್ನು ಉಳಿಸಿಕೊಂಡೆ. ಸಹಿಯ ಪೇಪರನ್ನೂ ಪೂರ್ತಿ ಅಳಿಸಿಲ್ಲ. ಹೀಗೊಂದು ಪೇಪರ್ ಬಂದಿತ್ತು, ರಿಟ್ರ್ಯಾಕ್ಟ್ ಆಯಿತು ಅಂತ ವಾಕ್ಯದಲ್ಲೇ ಹೇಳಿ, ಪಟ್ಟಿಯಲ್ಲೂ ಹಾಗೇ ಗುರುತು ಹಾಕಿ, 2020ರ ಪೇಪರನ್ನು ಪಕ್ಕದಲ್ಲಿ ಇಟ್ಟಿದ್ದೇನೆ. ಸಲ್ಲಿಸುವ ಹಿಂದಿನ ದಿನ 94ನ್ನೂ ಮತ್ತೊಮ್ಮೆ ನೋಡುತ್ತೇನೆ.

ನನಗೆ ಎಲ್ಲಕ್ಕಿಂತ ನೋವಾಗಿದ್ದು ಬೇರೆ. ನನ್ನ ಮಾತು ಕೇಳಿ ಒಂದು ಸಂಘದ ಕಾರ್ಯದರ್ಶಿ ಸಹಿಯ ಜಾಗ ಮೇಲಕ್ಕೆ ತಂದು 1,000 ಅರ್ಜಿ ಅಚ್ಚು ಹಾಕಿಸಿದ್ದರು. ರಬಕವಿಯ ಪ್ರೆಸ್ಸಿನಿಂದ ಬಂದ ಕಟ್ಟುಗಳನ್ನು ಬಿಚ್ಚಿಯೂ ಇರಲಿಲ್ಲ. ಹೋಗಿ ಎಲ್ಲಾ ಹೇಳಿದೆ. "ಇರ್ಲಿ ಬಿಡ್ರಿ ಮೇಡಂ, ಹಿಂದಿನ ಮಗ್ಗಲು ಬರಿಯಾಕ ಬರ್ತೈತಿ" ಅಂದರು. ಅವರು ಬೈದಿದ್ದರೇ ವಾಸಿ ಇತ್ತು.

ವಿಜಯಪುರದಿಂದ ನಿನ್ನೆ ಮತ್ತೆ ಮೆಸೇಜ್ ಬಂದಿದೆ. ಉಳಿದ 6,000 ಯಾವಾಗ ಹಾಕ್ತೀರಿ ಅಂತ. ಹಾಕಿಲ್ಲ, ಹಾಕುವುದೂ ಇಲ್ಲ.