360° ಪನೋರಮಾದ ಕೆಳಗೆ ಕಾಣುವ ಟ್ರೈಪಾಡ್ ಅಳಿಸಲು ಕ್ಲೋನ್ ಸಾಕಾ, ಇನ್ನೊಂದು ಫೋಟೋ ಬೇಕಾ?

ನೆಲ ಹುಲ್ಲೋ ಮಣ್ಣೋ ಆಗಿದ್ದರೆ ಪಕ್ಕದ ನೆಲವನ್ನೇ ನಕಲಿಸಿ ಮುಚ್ಚುವ ಕ್ಲೋನ್ ಸಾಕು. ಆದರೆ ಪನೋರಮಾದ ಮೇಲೆ ನೇರವಾಗಿ ಮಾಡಬೇಡಿ, ಅಲ್ಲಿ ಕೆಳಭಾಗ ಅಡ್ಡಕ್ಕೆ ಎಳೆದಂತಿರುತ್ತದೆ. ಅದನ್ನು ಆರು ಮುಖಗಳ ಕ್ಯೂಬ್ ಮಾಡಿ, ಕೆಳಗಿನ ಮುಖವನ್ನಷ್ಟೇ ತಿದ್ದಿ ವಾಪಸ್ ಸೇರಿಸಿ.

ಟೈಲ್ಸ್ ನೆಲದಲ್ಲಿ ಹೀಗೆ ಮಾಡಿದಾಗ ನನಗೆ ಗೆರೆಗಳು ಜರುಗಿ ಕಂಡವು. ಹಾಗಾಗಿ ಟ್ರೈಪಾಡ್ ಪಕ್ಕಕ್ಕಿಟ್ಟು, ಅದು ನಿಂತಿದ್ದ ಜಾಗವನ್ನು ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆದೆ. ಪನೋರಮಾ ಜೋಡಿಸುವ PTGui Pro ದಲ್ಲಿ ಆ ಫೋಟೋಗೆ ಮಾತ್ರ, ಬೇರೆ ಜಾಗದಿಂದ ತೆಗೆದದ್ದನ್ನು ಸರಿಹೊಂದಿಸುವ Viewpoint ಆನ್ ಮಾಡಿ, ಎರಡು ಫೋಟೋಗಳಲ್ಲಿ ಒಂದೇ ಜಾಗವನ್ನು ಗುರುತಿಸುವ ಕಂಟ್ರೋಲ್ ಪಾಯಿಂಟ್‌ಗಳನ್ನು ಟೈಲ್ಸ್ ಮೂಲೆಗಳಲ್ಲೇ ಇಟ್ಟೆ. ಸರಿಯಾಗಿ ಕೂತಿತು! Viewpoint ಲೆಕ್ಕ ಚಪ್ಪಟೆ ನೆಲಕ್ಕೆ ಮಾತ್ರ ಹೊಂದುತ್ತದೆ. ಕುರ್ಚಿ ಕಾಲು, ಮೆಟ್ಟಿಲು ಇದ್ದರೆ ಅಲ್ಲಿ ಪಾಯಿಂಟ್ ಬೇಡ, ಈ ಫೋಟೋದ ಆ ಭಾಗ ಬಳಕೆಯಾಗದಂತೆ ಕೆಂಪು ಮಾಸ್ಕ್ ಬಳಿದು ಬಿಡಿ. ಜೋಡಣೆಯ ಗೆರೆ ಟೈಲ್ಸ್ ಸಂದಿಯಲ್ಲೇ ಬರುವಂತೆ ಮಾಸ್ಕ್ ಹಾಕಿದರೆ ಕಣ್ಣಿಗೆ ಬೀಳಲ್ಲ.