ಮಗಳಿಗೆ ಫೈನಾನ್ಸ್ ಕಂಪನಿ, ಮಗನಿಗೆ ಬ್ಯಾಂಕು: ಎರಡು ಸಾಲಗಳ ಲೆಕ್ಕ

ನಾನು ಹಾಸನದಲ್ಲಿ ಪ್ರೌಢಶಾಲೆ ಶಿಕ್ಷಕಿ. ನಮ್ಮನೆಯವರು ಆಲೂರಿನ ಹತ್ತಿರ ಶುಂಠಿ, ಜೋಳ ಬೆಳೆಯುತ್ತಾರೆ. ಮಗಳು 2022ರಲ್ಲಿ ಬ್ರಿಟನ್ನಿಗೆ ಎಂ.ಎಸ್ಸಿ. ಓದಲು ಹೋದಳು. ಮಗ 2025ರಲ್ಲಿ ಐರ್ಲೆಂಡಿಗೆ ಹೋದ. ಇಬ್ಬರದೂ ಒಂದು ವರ್ಷದ ಕೋರ್ಸು, ಇಬ್ಬರಿಗೂ 20 ಲಕ್ಷ ಸಾಲ. ಮಗಳಿಗೆ ಖಾಸಗಿ ಫೈನಾನ್ಸ್ ಕಂಪನಿಯಿಂದ, ಅಡಮಾನ ಇಲ್ಲದೆ. ಮಗನಿಗೆ ಸರ್ಕಾರಿ ಬ್ಯಾಂಕಿನಿಂದ, ಮನೆ ಅಡ ಇಟ್ಟು. ಮೊತ್ತ ಒಂದೇ ಆಗಿದ್ದರಿಂದ ಪಕ್ಕಪಕ್ಕ ಇಟ್ಟು ನೋಡುವುದು ಸುಲಭವಾಯಿತು.

ಮೊದಲು ಸಾಲ ಕೈಗೆ ಬಂದ ಬಗೆ. ಫೈನಾನ್ಸ್ ಕಂಪನಿಯವರು ಒಂಬತ್ತೇ ದಿನದಲ್ಲಿ ಮಂಜೂರು ಮಾಡಿದರು. ನನ್ನ ಸಂಬಳದ ಚೀಟಿ, ಮಗಳ ಅಂಕಪಟ್ಟಿ, ಯೂನಿವರ್ಸಿಟಿಯ ಪತ್ರ, ಅಷ್ಟೇ ಸಾಕಾಯಿತು. ಪ್ರೊಸೆಸಿಂಗ್ ಫೀಸ್ ಒಂದು ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ ಸೇರಿ 23,600 ರೂಪಾಯಿ.

ಬ್ಯಾಂಕಿನಲ್ಲಿ ಏಳು ವಾರ ಹಿಡಿಯಿತು. ನಾವು ಮೊದಲು ಆಲೂರಿನ ಜಮೀನಿನ ಪಹಣಿ ತೆಗೆದುಕೊಂಡು ಹೋಗಿದ್ದೆವು. ಮ್ಯಾನೇಜರ್ ಅದನ್ನು ನೋಡಿ, "ಇದು ಬೇಡ ಮೇಡಂ, ಮನೆ ಪತ್ರ ತನ್ನಿ" ಅಂದರು. ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನು ಹರಾಜು ಹಾಕಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಅದಕ್ಕೇ ಜಮೀನು ಎಷ್ಟಿದ್ದರೂ ಅವರಿಗೆ ಅಷ್ಟು ಬೇಕಾಗಿಲ್ಲ. ಮನೆಯ ಖಾತೆ ಇನ್ನೂ ನಮ್ಮ ಮಾವನವರ ಹೆಸರಿನಲ್ಲೇ ಇತ್ತು. ಅದನ್ನು ಬದಲಾಯಿಸಿ, ಈ-ಖಾತಾ, ಇ.ಸಿ., ಕಂದಾಯದ ರಸೀದಿ ಎಲ್ಲ ಸೇರಿಸಿ, ವಕೀಲರ ಅಭಿಪ್ರಾಯ ಮತ್ತು ಎಂಜಿನಿಯರ್ ಮೌಲ್ಯಮಾಪನ ಮುಗಿಯುವಷ್ಟರಲ್ಲಿ ಏಪ್ರಿಲ್ ಅರ್ಧ ಕಳೆದಿತ್ತು. ಬ್ಯಾಂಕಿಗೆ ಹೋಗುವ ಯೋಚನೆ ಇದ್ದವರು ಮಕ್ಕಳು ಅರ್ಜಿ ಹಾಕುವಾಗಲೇ ಖಾತೆ ಯಾರ ಹೆಸರಲ್ಲಿದೆ ಅಂತ ನೋಡಿಕೊಳ್ಳಿ. ಆಫರ್ ಲೆಟರ್ ಬಂದ ಮೇಲೆ ಶುರು ಮಾಡಿದರೆ ಸಮಯ ಸಾಲುವುದಿಲ್ಲ.

ಈಗ ಬಡ್ಡಿ. ಎಲ್ಲರೂ ಕೇಳುವುದು ಇವತ್ತಿನ ದರ ಎಷ್ಟು ಅಂತ. ನನ್ನ ಅನುಭವದಲ್ಲಿ ಅದಕ್ಕಿಂತ ಮುಖ್ಯ, ಆ ದರವನ್ನು ಯಾವುದಕ್ಕೆ ಕಟ್ಟಿಹಾಕಿದ್ದಾರೆ ಅನ್ನುವುದು. ಮಗಳ ಸಾಲ 11.5ಕ್ಕೆ ಶುರುವಾಯಿತು. ಆ ವರ್ಷ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ದರ, ಏರಿಸುತ್ತಾ ಹೋಯಿತು. 2022ರ ಮೇ ತಿಂಗಳ ಶುರುವಿನಲ್ಲಿ 4 ಇದ್ದದ್ದು 2023ರ ಫೆಬ್ರವರಿಗೆ 6.5 ಆಯಿತು. ಕಂಪನಿಯವರೂ ನಮ್ಮ ದರವನ್ನು 12.5ಕ್ಕೆ ತಂದು ನಿಲ್ಲಿಸಿದರು. ಆಮೇಲೆ 2025ರಲ್ಲಿ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ ಒಂದು ಪರ್ಸೆಂಟ್ ಇಳಿಯಿತು. ಮಗಳ ದರ ಮಾತ್ರ 12.5ರಲ್ಲೇ ಕೂತಿತ್ತು. ಫೋನ್ ಮಾಡಿ ಕೇಳಿದರೆ, "ನಮ್ಮದು ನಮ್ಮ ಸ್ವಂತ ದರಕ್ಕೆ ಸೇರಿದ್ದು" ಅಂದರು. ಏರುವಾಗ ಇದ್ದ ಆತುರ ಇಳಿಯುವಾಗ ಇರಲಿಲ್ಲ. ನನಗೆ ಬಹಳ ಬೇಜಾರಾಯಿತು.

ಬ್ಯಾಂಕುಗಳ ವಿಷಯ ಬೇರೆ. ಬದಲಾಗುವ ದರದಲ್ಲಿ ಕೊಡುವ, ಶಿಕ್ಷಣ ಸಾಲವೂ ಸೇರಿದ ಹೊಸ ವೈಯಕ್ತಿಕ ಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೇ ಜೋಡಿಸಬೇಕು ಅಂತ 2019ರ ಅಕ್ಟೋಬರ್‌ನಿಂದ ನಿಯಮವಿದೆ. ಮೂರು ತಿಂಗಳಿಗೆ ಒಮ್ಮೆಯಾದರೂ ಅದನ್ನು ಸರಿಹೊಂದಿಸಬೇಕು. ಮಗನ ಸಾಲ ಏಪ್ರಿಲ್‌ನಲ್ಲಿ 10.5 ಇತ್ತು. ಜೂನ್ 6ರಂದು ರೆಪೊ ಅರ್ಧ ಪರ್ಸೆಂಟ್ ಇಳಿಯಿತು. ಸೆಪ್ಟೆಂಬರ್ ಹೊತ್ತಿಗೆ ನಾವು ಕೇಳದೆಯೇ ನಮ್ಮದು 10 ಆಯಿತು. ನಾಳೆ ರೆಪೊ ಏರಿದರೆ ಇದೂ ಏರುತ್ತದೆ, ನಿಜ. ಆದರೆ ಎರಡೂ ಕಡೆ ಒಂದೇ ಅಳತೆ ಇರುತ್ತದಲ್ವಾ?

ಇನ್ನು ಓದುವ ಕಾಲದ ಬಡ್ಡಿ. ನಾವು ಎಡವುತ್ತಿದ್ದದ್ದು ಇಲ್ಲೇ. ಫೈನಾನ್ಸ್ ಕಂಪನಿ ಮೊದಲ ತಿಂಗಳಿಂದಲೇ ಬಡ್ಡಿ ವಸೂಲಿ ಮಾಡಿತು. ಪೂರ್ತಿ 20 ಲಕ್ಷ ಬಿಡುಗಡೆಯಾದ ಮೇಲೆ, 12.5ರ ಲೆಕ್ಕದಲ್ಲಿ ತಿಂಗಳಿಗೆ 20,833. ನನ್ನ ಸಂಬಳದಲ್ಲಿ ಅದು ದೊಡ್ಡ ಹೊರೆ. ಬ್ಯಾಂಕಿನಲ್ಲಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಏನೂ ಕಟ್ಟಬೇಕಾಗಿಲ್ಲ ಅಂದಾಗ ಉಸಿರು ಬಿಟ್ಟಂತಾಯಿತು. ಆದರೆ ಕಟ್ಟದಿದ್ದರೂ ಸಾದಾ ಬಡ್ಡಿ ಓಡುತ್ತಲೇ ಇರುತ್ತದೆ. ಕಂತು ಶುರುವಾಗುವ ದಿನ ಅದೆಲ್ಲ ಅಸಲಿಗೆ ಸೇರುತ್ತದೆ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಸುಲಭವಾಗಲಿ ಅಂತ ಪೂರ್ತಿ ಹಣ ಮೊದಲೇ ಬಂತು, ತೀರಿಸಲು ಹತ್ತು ವರ್ಷ ಅಂತ ಇಟ್ಟುಕೊಂಡೆ. ಬ್ಯಾಂಕಿಗೆ ಎರಡು ವರ್ಷ ಏನೂ ಕಟ್ಟದಿದ್ದರೆ 20 ಲಕ್ಷ 24 ಲಕ್ಷವಾಗುತ್ತದೆ, ಕಂತು 31,716. ಒಟ್ಟು ಕಟ್ಟುವುದು ಸುಮಾರು 38 ಲಕ್ಷ. ಫೈನಾನ್ಸ್ ಕಂಪನಿಯ ಕಂತು 29,275. ಕಂತು ಶುರುವಾಗುವ ಮುಂಚೆ ಕಟ್ಟಿದ ಹದಿನೆಂಟು ತಿಂಗಳ ಬಡ್ಡಿ ಸೇರಿ ಒಟ್ಟು ಸುಮಾರು 38.9 ಲಕ್ಷ. ಅಂದರೆ ಕಡಿಮೆ ಬಡ್ಡಿಯ ಲಾಭ ಹೆಚ್ಚುಕಮ್ಮಿ ಪೂರ್ತಿ ಕರಗಿಹೋಯಿತು! ಅದೇ ಬ್ಯಾಂಕಿಗೆ ಓದುವ ಕಾಲದಲ್ಲೂ ತಿಂಗಳಿಗೆ 16,667 ಬಡ್ಡಿ ಕಟ್ಟುತ್ತಾ ಬಂದರೆ ಆಮೇಲಿನ ಕಂತು 26,430, ಒಟ್ಟು 35.7 ಲಕ್ಷ. ಮಾರನೇ ದಿನವೇ ನನ್ನ ಸಂಬಳದ ಖಾತೆಯಿಂದ ಬಡ್ಡಿ ಕಡಿತಕ್ಕೆ ಬರೆದುಕೊಟ್ಟೆ. ಹೀಗೆ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಬಾಯಿಬಿಟ್ಟು ಕೇಳಬೇಕು.

ಕರೆನ್ಸಿಯ ವಿಷಯದಲ್ಲಿ ಮಾತ್ರ ಫೈನಾನ್ಸ್ ಕಂಪನಿ ಮೇಲು. ಮಗಳ ಫೀಸಿನ ಮೊದಲ 8,000 ಪೌಂಡ್ ಕಟ್ಟಿದಾಗ ಪೌಂಡಿಗೆ ಸುಮಾರು 90 ರೂಪಾಯಿ. 2023ರ ಏಪ್ರಿಲ್‌ನಲ್ಲಿ ಎರಡನೇ 8,000 ಕಟ್ಟುವಾಗ 102. ಒಂದು ಲಕ್ಷದ ಹತ್ತಿರ ಜಾಸ್ತಿಯಾಯಿತು. ಮಂಜೂರಾದ 20 ಲಕ್ಷದ ಒಳಗೇ ಖರ್ಚಿನ ಭಾಗದಿಂದ ಫೀಸಿಗೆ ಬದಲಾಯಿಸಲು ಎರಡೇ ದಿನ ಸಾಕಾಯಿತು.

ಮಗನ ಫೀಸು 22,000 ಯೂರೊ. 2025ರ ಫೆಬ್ರವರಿಯಲ್ಲಿ ಯೂರೊ 91ರ ಆಸುಪಾಸು ಇತ್ತು. 6,000 ಯೂರೊ ಮುಂಗಡವನ್ನು ಉಳಿತಾಯ ಮತ್ತು ಚೀಟಿ ದುಡ್ಡಿನಿಂದ ಕಟ್ಟಿದೆವು. ಆ ರಸೀದಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ನಾವು ಕೈಯಿಂದ ಹಾಕಬೇಕಾದ 15 ಪರ್ಸೆಂಟ್ ಪಾಲಿಗೆ ಬ್ಯಾಂಕ್ ಅದನ್ನೇ ಹಿಡಿಯಿತು. ಉಳಿದ 16,000 ಯೂರೊ ಆಗಸ್ಟ್‌ನಲ್ಲಿ ಕಟ್ಟುವಾಗ ದರ 102. ಬರೀ ಈ ಹನ್ನೊಂದು ರೂಪಾಯಿಗೆ 1.76 ಲಕ್ಷ ಹೋಯಿತು! ಮಂಜೂರಾತಿ ರೂಪಾಯಿಯಲ್ಲಿ ಇರುತ್ತದೆ, ಯೂರೊದಲ್ಲಲ್ಲ. ಫೀಸು ಹೋಗಿ ಮಗನ ಖರ್ಚಿಗೆ 5.44 ಲಕ್ಷ ಉಳಿಯಬೇಕಿತ್ತು, ಉಳಿದದ್ದು 3.68 ಲಕ್ಷ. ಇನ್ನಷ್ಟು ಸಾಲ ಕೇಳಿದರೆ ಮತ್ತೆ ಅರ್ಜಿ, ಮತ್ತೆ ಮಂಜೂರಾತಿ. ನಮ್ಮನೆಯವರು ಶುಂಠಿ ದುಡ್ಡು ಕೊಟ್ಟರು. ಈಗ ಯಾರಾದರೂ ಕೇಳಿದರೆ, ಇವತ್ತಿನ ದರಕ್ಕೆ ಹತ್ತು-ಹನ್ನೆರಡು ರೂಪಾಯಿ ಸೇರಿಸಿ ಮಂಜೂರು ಮಾಡಿಸಿಕೊಳ್ಳಿ ಅನ್ನುತ್ತೇನೆ. ಬಿಡುಗಡೆಯಾದ ಹಣಕ್ಕೆ ಮಾತ್ರ ಬಡ್ಡಿ ಬೀಳುತ್ತದೆ.

ಹಣ ಕಳಿಸುವ ದಿನ ಕೌಂಟರಿನಲ್ಲಿ ಟಿಟಿ ಸೆಲ್ಲಿಂಗ್ ರೇಟ್, ಅಂದರೆ ಹೊರದೇಶಕ್ಕೆ ಕಳಿಸಲು ಬ್ಯಾಂಕು ನಮಗೆ ವಿದೇಶಿ ಹಣ ಮಾರುವ ದರ, ಎಷ್ಟು ಅಂತಲೂ ಕೇಳಿ. ಮೊಬೈಲಿನಲ್ಲಿ ಕಾಣುವ ದರ ನಮಗೆ ಸಿಗುವುದಿಲ್ಲ. ಒಂದು ರೂಪಾಯಿ ಕಡಿಮೆ ಮಾಡಿಸಿಕೊಂಡರೂ 16,000 ಯೂರೊಗೆ 16,000 ರೂಪಾಯಿ ಉಳಿಯುತ್ತದೆ.

ಈಗ ಮಗಳ ಸಾಲದಲ್ಲಿ ಇನ್ನೂ 17.7 ಲಕ್ಷ ಬಾಕಿ ಇದೆ. ಎರಡು ವರ್ಷ ಕಂತು ಕಟ್ಟಿದರೂ ಅಸಲು ಇಳಿದದ್ದು ಅಷ್ಟೇ. ಅದನ್ನೂ ಬ್ಯಾಂಕಿಗೆ ವರ್ಗಾಯಿಸಿ, ಉಳಿದ ಎಂಟು ವರ್ಷದಲ್ಲೇ 10ರ ದರದಲ್ಲಿ ತೀರಿಸಿದರೆ ಕಂತು 26,900ರ ಒಳಗೆ ಬರುತ್ತದೆ. ತಿಂಗಳಿಗೆ 2,400 ಉಳಿತಾಯ. ಬದಲಾಗುವ ದರದ ಸಾಲವಾದ್ದರಿಂದ ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಪತ್ರ ಹೇಗೂ ಬ್ಯಾಂಕಿನಲ್ಲೇ ಇದೆ. ಬಾಕಿ ಮೊತ್ತದ ಪತ್ರ ಕೊಡಿ ಅಂತ ಕಂಪನಿಗೆ ಸೋಮವಾರ ಬರೆದಿದ್ದೇನೆ.